"ಸುಮ್ನೆ ದೊಡ್ಡದು ಮಾಡ್ಬೇಡ": ಒಪ್ಪದಿರುವುದು ಬೇರೆ, ತಳ್ಳಿಹಾಕುವುದು ಬೇರೆ

"ಓವರ್ ಆಯ್ತು ನಿಂದು." "ಇಷ್ಟಕ್ಕೆಲ್ಲ ಬೇಜಾರು ಮಾಡಿದ್ರೆ ಹೇಗೆ ಮಾರಾಯ್ತಿ?" "ಸುಮ್ನೆ ದೊಡ್ಡದು ಮಾಡ್ಬೇಡ." ಮದುವೆಯಾದವರಿಗೆ ಈ ಮಾತುಗಳು ಹೊಸದಲ್ಲ. ಕೇಳಿಸಿಕೊಂಡವರಿಗೆ ಮೈ ಉರಿಯುತ್ತದೆ. ಹೇಳಿದವರಿಗೆ ಅದು ಯಾಕೆ ಅಂತಲೇ ಗೊತ್ತಾಗುವುದಿಲ್ಲ. "ನಾನು ಒಪ್ಪಲಿಲ್ಲ, ಅಷ್ಟೆ. ಹೆಂಡತಿ ಹೇಳಿದ್ದಕ್ಕೆಲ್ಲ ಹೌದು ಅನ್ನಬೇಕಾ?" ಎಂದು ಕೇಳುತ್ತಾರೆ. ಈ ಪ್ರಶ್ನೆ ನ್ಯಾಯವಾದದ್ದೇ. ಹೌದು ಅನ್ನಬೇಕಾಗಿಲ್ಲ. ಆದರೆ ಒಪ್ಪದೆ ಇರುವುದಕ್ಕೂ ಇನ್ನೊಬ್ಬರಿಗೆ ಅನಿಸಿದ್ದನ್ನೇ ತಳ್ಳಿಹಾಕುವುದಕ್ಕೂ ವ್ಯತ್ಯಾಸ ಇದೆ. ಮನಶ್ಶಾಸ್ತ್ರದವರು ಈ ಎರಡನೆಯದನ್ನು ಇನ್‌ವ್ಯಾಲಿಡೇಶನ್ ಎನ್ನುತ್ತಾರೆ. ನಾವು ತಳ್ಳಿಹಾಕುವುದು ಅಂತಲೇ ಕರೆಯೋಣ.

ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಎರಡರಲ್ಲೂ ಒಬ್ಬರು "ಇಲ್ಲ" ಎನ್ನುತ್ತಾರೆ. ದನಿ ಎಷ್ಟು ಏರಿತು ಎನ್ನುವುದರಿಂದಲೂ ಪತ್ತೆ ಹಚ್ಚಲು ಆಗುವುದಿಲ್ಲ. ಜೋರು ದನಿಯಲ್ಲಿ ನಡೆದ ಜಗಳ ಪ್ರಾಮಾಣಿಕವಾಗಿರಬಹುದು. ತುಂಬ ಮೆತ್ತಗೆ, ತಲೆ ಸವರುತ್ತಾ ಹೇಳಿದ ಮಾತು ತಳ್ಳಿಹಾಕುವ ಮಾತಾಗಿರಬಹುದು. ವ್ಯತ್ಯಾಸ ಇರುವುದು ಆ "ಇಲ್ಲ" ಯಾವುದಕ್ಕೆ ಹೇಳಿದ್ದು ಎನ್ನುವುದರಲ್ಲಿ. ಅದನ್ನು ನೋಡಲು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಇದು ಯಾರದೋ ಮನೆಯ ಕಥೆಯಲ್ಲ, ಆದರೆ ನಮ್ಮ ಕರಾವಳಿಯ ಯಾವ ಮನೆಯಲ್ಲಾದರೂ ಆಗಬಹುದಾದದ್ದು.

ಉಡುಪಿಯಲ್ಲಿ ಗಂಡನ ಕಡೆಯ ಒಂದು ಮದುವೆ ರಿಸೆಪ್ಶನ್. ಊಟದ ಹೊತ್ತು. ಗಂಡ, ಅವನ ಭಾವಂದಿರು, ಕಸಿನ್‌ಗಳು ಒಟ್ಟಿಗೆ ಕೂತು ಒಬ್ಬರ ಕಾಲು ಒಬ್ಬರು ಎಳೆಯುತ್ತಿದ್ದಾರೆ. ಹೆಂಡತಿ ಸುರತ್ಕಲ್ ಹತ್ತಿರದ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ಯಾರೋ ಅವಳ ಕೆಲಸದ ಬಗ್ಗೆ ಕೇಳುತ್ತಾರೆ. ಗಂಡ ನಗಾಡುತ್ತಾ, "ಅವಳದ್ದೆಂತ, ಟೈಂಪಾಸಿಗೆ ಹೋಗುವುದು. ಸಂಬಳ ಅವಳ ಸೀರೆಗೇ ಸಾಲುವುದಿಲ್ಲ" ಎನ್ನುತ್ತಾನೆ. ಎಲ್ಲರೂ ನಗುತ್ತಾರೆ. ಮಗಳ ಸ್ಕೂಲ್ ಫೀಸು ಹೋಗುವುದು ಅವಳ ಸಂಬಳದಿಂದ. ಅವಳೂ ಆಗ ನಗುತ್ತಾಳೆ. ನೆಂಟರ ಎದುರು ಮತ್ತೆಂತ ಮಾಡುವುದು?

ವಾಪಸ್ ಮಂಗಳೂರಿಗೆ ಬರುವಾಗ, ಕಟಪಾಡಿ ದಾಟಿದ ಮೇಲೆ, ಕಾರಿನಲ್ಲಿ ಅವಳು ಮಾತು ತೆಗೆಯುತ್ತಾಳೆ.

"ಎಲ್ಲರೆದುರು ಟೈಂಪಾಸ್ ಅಂತ ಹೇಳಿದ್ರಲ್ಲ, ನನಗೆ ತುಂಬ ಬೇಜಾರಾಯ್ತು."

"ಎಂತ ಮಾರಾಯ್ತಿ, ಅದು ತಮಾಷೆ. ಎಲ್ಲರೂ ನಗಾಡಿದ್ರು, ನಿನಗೆ ಮಾತ್ರ ಬೇಜಾರು. ಸುಮ್ನೆ ದೊಡ್ಡದು ಮಾಡ್ಬೇಡ."

"ದೊಡ್ಡದು ಎಂತ ಮಾಡಿದೆ ನಾನು? ಅನಿಸಿದ್ದನ್ನು ಹೇಳಿದೆ ಅಷ್ಟೆ."

"ನೀನು ಯಾವಾಗ್ಲೂ ಹೀಗೇ. ತುಂಬ ಸೆನ್ಸಿಟಿವ್."

ಪಡುಬಿದ್ರಿ ಬರುವಾಗ ಅವಳ ದನಿ ಏರಿದೆ. ಹೋದ ವರ್ಷ ಅತ್ತೆ ಹೇಳಿದ ಒಂದು ಮಾತು, ಅದರ ಹಿಂದಿನ ಚೌತಿಯದ್ದು, ಎಲ್ಲ ಹೊರಗೆ ಬಂದಿದೆ. ಮೂಲ್ಕಿ ಹತ್ತಿರ ಅವಳು ಅಳುತ್ತಿದ್ದಾಳೆ. ಅವನು ಸ್ಟೇರಿಂಗ್ ಮೇಲೆ ಕೈ ಬಡಿದು, "ನೋಡು, ಇದಕ್ಕೇ ನಾನು ದೊಡ್ಡದು ಮಾಡ್ಬೇಡ ಅಂತ ಹೇಳಿದ್ದು" ಎನ್ನುತ್ತಾನೆ.

ಒಂದು ಮಾತಿನಲ್ಲಿ ನಾಲ್ಕು ಸಂಗತಿ

ಅವಳು ಕಟಪಾಡಿಯಲ್ಲಿ ಹೇಳಿದ್ದು ಒಂದೇ ವಾಕ್ಯ. ಆದರೆ ಅದರೊಳಗೆ ನಾಲ್ಕು ಸಂಗತಿಗಳಿವೆ. ಮೊದಲನೆಯದು ನಡೆದದ್ದು: ಅವನು ಟೈಂಪಾಸ್ ಎಂದ, ನೆಂಟರು ನಕ್ಕರು. ಎರಡನೆಯದು ಅದಕ್ಕೆ ಅವಳು ಕೊಟ್ಟ ಅರ್ಥ: ನನ್ನ ದುಡಿಮೆಗೆ ಇವರ ಕಣ್ಣಲ್ಲಿ ಬೆಲೆ ಇಲ್ಲ, ಅದನ್ನು ಎಲ್ಲರಿಗೂ ತೋರಿಸಿಕೊಟ್ಟರು. ಮೂರನೆಯದು ಆ ಅರ್ಥದಿಂದ ಹುಟ್ಟಿದ ಭಾವನೆ: ಬೇಜಾರು, ಸ್ವಲ್ಪ ನಾಚಿಕೆ, ಸ್ವಲ್ಪ ಸಿಟ್ಟು. ನಾಲ್ಕನೆಯದು ಅವಳು ಬಾಯಿಬಿಟ್ಟು ಹೇಳದೇ ಇದ್ದದ್ದು, ಅಂದರೆ ಅವಳಿಗೆ ಬೇಕಾದದ್ದು. ಇನ್ನು ಮುಂದೆ ಹಾಗೆ ಹೇಳಬಾರದು, ಅಥವಾ ಒಂದು ಸಾರಿ "ಹೌದು, ತಪ್ಪಾಯ್ತು" ಎನ್ನಬೇಕು, ಅಥವಾ ಸುಮ್ಮನೆ ಕೇಳಿದರೂ ಸಾಕು.

ಈ ನಾಲ್ಕರಲ್ಲಿ ಮೂರರ ಬಗ್ಗೆ ಗಂಡ ಧಾರಾಳವಾಗಿ ತಕರಾರು ಮಾಡಬಹುದು. "ನಾನು ಟೈಂಪಾಸ್ ಅಂತ ಹೇಳಲಿಲ್ಲ, ಪಾಸ್‌ಟೈಂ ಅಂದೆ" ಎಂದರೆ ಅದು ನಡೆದದ್ದರ ಬಗೆಗಿನ ವಾದ. ಸ್ವಲ್ಪ ಬಾಲಿಶ, ಆದರೂ ವಾದವೇ. "ನಿನ್ನ ಕೆಲಸಕ್ಕೆ ಬೆಲೆ ಇಲ್ಲ ಅಂತ ನನ್ನ ಮನಸ್ಸಲ್ಲಿ ಇರಲೇ ಇಲ್ಲ. ನೀನು ಬರುವ ಮೊದಲು ನನ್ನ ಕೆಲಸವನ್ನೇ ತಮಾಷೆ ಮಾಡಿಕೊಂಡಿದ್ದೆ, ಅದೇ ಗುಂಗಿನಲ್ಲಿ ಹೇಳಿದೆ" ಎಂದರೆ ಅದು ಅರ್ಥದ ಬಗೆಗಿನ ವಾದ. ಇದು ಒಳ್ಳೆಯ ವಾದ ಕೂಡ, ಯಾಕೆಂದರೆ ಅವಳಿಗೆ ಗೊತ್ತಿಲ್ಲದ ಒಂದು ಸಂಗತಿ ಇದರಲ್ಲಿದೆ. "ನೆಂಟರೆದುರು ನಿನ್ನ ಬಗ್ಗೆ ತಮಾಷೆಯೇ ಮಾಡಬಾರದು ಅಂದ್ರೆ ನನಗೆ ಕಷ್ಟ. ಕೆಲಸದ ವಿಷಯ ಬಿಡುತ್ತೇನೆ, ಉಳಿದದ್ದು ನೋಡುವ" ಎಂದರೆ ಅದು ಬೇಡಿಕೆಯ ಬಗ್ಗೆ ಚೌಕಾಸಿ. ಇದೆಲ್ಲ ಪ್ರಾಮಾಣಿಕವಾಗಿ ಒಪ್ಪದಿರುವುದು. ಇವುಗಳಿಂದ ಅವಳಿಗೆ ಖುಷಿಯಾಗದಿರಬಹುದು. ಆದರೆ ಉತ್ತರ ಕೊಡಲು ಅವಳಿಗೆ ಜಾಗ ಉಳಿಯುತ್ತದೆ.

ಭಾವನೆಯ ವಿಷಯ ಹಾಗಲ್ಲ. ಅದು ಅರ್ಥದ ಹಿಂದೆಯೇ ಬರುತ್ತದೆ. ನನ್ನ ದುಡಿಮೆಯನ್ನು ಎಲ್ಲರೆದುರು ಕೀಳು ಮಾಡಿದರು ಎಂದು ನನಗೆ ಅರ್ಥವಾದರೆ ಬೇಜಾರು ಬಂದೇ ಬರುತ್ತದೆ. ಯಾರಿಗಾದರೂ ಬರುತ್ತದೆ. ಆ ಅರ್ಥವೇ ತಪ್ಪಾಗಿರಬಹುದು, ಅದು ಬೇರೆ ಪ್ರಶ್ನೆ. ಹಾಗಾಗಿ "ನಿನಗೆ ಹಾಗೆ ಕಂಡಿದ್ದರೆ ಬೇಜಾರಾದದ್ದು ನನಗೆ ಅರ್ಥವಾಗ್ತದೆ, ಆದರೆ ನನ್ನ ಮನಸ್ಸಲ್ಲಿ ಇದ್ದದ್ದು ಅದಲ್ಲ" ಎಂದು ಒಂದೇ ಉಸಿರಿನಲ್ಲಿ ಹೇಳಬಹುದು. ಮೊದಲರ್ಧದಲ್ಲಿ ಭಾವನೆಗೆ ಒಪ್ಪಿಗೆ ಇದೆ, ಎರಡನೆಯ ಅರ್ಧದಲ್ಲಿ ಅರ್ಥಕ್ಕೆ ತಕರಾರು ಇದೆ. ಎರಡಕ್ಕೂ ಜಗಳ ಇಲ್ಲ. ಹೆಚ್ಚಿನ ಗಂಡಂದಿರು, ಹೆಂಡತಿಯರು ಕೂಡ, ಇಲ್ಲಿಯೇ ಎಡವುತ್ತಾರೆ. ಭಾವನೆಯನ್ನು ಒಪ್ಪಿದರೆ ತಪ್ಪನ್ನೂ ಒಪ್ಪಿಕೊಂಡಂತೆ ಆಗುತ್ತದೆ ಎನ್ನುವ ಹೆದರಿಕೆ ಅವರದ್ದು. ಆಗುವುದಿಲ್ಲ.

ಈಗ ಕಾರಿನಲ್ಲಿ ಅವನು ಹೇಳಿದ್ದನ್ನು ಮತ್ತೆ ನೋಡಿ. "ಎಲ್ಲರೂ ನಗಾಡಿದ್ರು, ನಿನಗೆ ಮಾತ್ರ ಬೇಜಾರು." ಇದರಲ್ಲಿ ನಡೆದದ್ದರ ಬಗ್ಗೆ ತಕರಾರಿಲ್ಲ. "ತಮಾಷೆ" ಎನ್ನುವುದರಲ್ಲಿ ಅರ್ಥದ ಬಗ್ಗೆ ಒಂದು ಸುಳಿವು ಇದೆ, ಆದರೆ ಅದನ್ನು ಅವನು ಅಲ್ಲಿಗೇ ಬಿಟ್ಟ. ತನ್ನನ್ನೇ ತಾನು ತಮಾಷೆ ಮಾಡಿಕೊಂಡ ಸಂಗತಿ ಅವನ ಬಾಯಿಂದ ಬರಲೇ ಇಲ್ಲ. ಅದರ ಬದಲು ಉಳಿದವರನ್ನೆಲ್ಲ ಅಳತೆಗೋಲು ಮಾಡಿ, ಅವಳ ಬೇಜಾರು ಆ ಅಳತೆಗಿಂತ ಜಾಸ್ತಿ ಎಂದ. ಮುಂದಿನ ವಾಕ್ಯಕ್ಕೆ ಬರುವಾಗ ತಮಾಷೆಯ ವಿಷಯವೇ ಹೋಯಿತು. "ನೀನು ಯಾವಾಗ್ಲೂ ಹೀಗೇ." ಈಗ ಮಾತು ನಡೆಯುತ್ತಿರುವುದು ಅವನು ಹೇಳಿದ್ದರ ಬಗ್ಗೆ ಅಲ್ಲ, ಅವಳ ಸ್ವಭಾವದ ಬಗ್ಗೆ.

ಗುರುತಿಸಲು ನನಗೆ ತಿಳಿದ ಅತ್ಯಂತ ಸುಲಭದ ದಾರಿ ಇದೇ. ಎರಡು ಮಾತು ಆದ ಮೇಲೆ ಚರ್ಚೆಯ ವಿಷಯ ಏನಾಗಿದೆ ಅಂತ ನೋಡುವುದು. ವಿಷಯ ಇನ್ನೂ ಆ ತಮಾಷೆಯೇ ಆಗಿದ್ದರೆ ಅದು ಭಿನ್ನಾಭಿಪ್ರಾಯ, ಎಷ್ಟೇ ಜೋರಾಗಿರಲಿ. ದೂರು ಹೇಳಿದವರೇ ವಿಷಯವಾಗಿಬಿಟ್ಟಿದ್ದರೆ ತಳ್ಳಿಹಾಕುವುದು ಶುರುವಾಗಿದೆ. ಇನ್ನೊಂದು ಪರೀಕ್ಷೆಯೂ ಇದೆ. "ಅವಳಿಗೆ ಯಾಕೆ ಬೇಜಾರಾಯ್ತು ಅಂತ ನೀವೇ ಹೇಳಿ" ಎಂದು ಅವನನ್ನು ಕೇಳಬೇಕು. ಪ್ರಾಮಾಣಿಕವಾಗಿ ಒಪ್ಪದವನು ಎದುರಿನವರ ಮಾತನ್ನು ಅವರು ತಲೆಯಾಡಿಸುವಷ್ಟು ಸರಿಯಾಗಿ ಹೇಳಬಲ್ಲ, ಆಮೇಲೆ "ಆದರೆ" ಎನ್ನಬಲ್ಲ. ತಳ್ಳಿಹಾಕಿದವನ ಉತ್ತರ "ಅವಳಿಗೆ ಎಲ್ಲದಕ್ಕೂ ಬೇಜಾರು" ಎನ್ನುವಲ್ಲಿಗೆ ನಿಲ್ಲುತ್ತದೆ. ಕಾರಣ ಅವನಿಗೆ ಗೊತ್ತೇ ಇರುವುದಿಲ್ಲ, ಯಾಕೆಂದರೆ ಕೇಳುವ ಮೊದಲೇ ಅಳತೆ ಮಾಡಿ ಆಗಿದೆ.

ಕಟಪಾಡಿಯಿಂದ ಮೂಲ್ಕಿಗೆ ಬರುವಾಗ ಏನಾಯಿತು

ಅವನ ಕಡೆಯಿಂದ ನೋಡಿದರೆ ಮೂಲ್ಕಿಯ ಅಳು ಒಂದು ಸಾಕ್ಷಿ. ಒಂದು ತಮಾಷೆಗೆ ಇಷ್ಟು ರಂಪ ಮಾಡುವವಳನ್ನು ಓವರ್ ಅನ್ನದೆ ಮತ್ತೆಂತ ಹೇಳುವುದು? ಆದರೆ ಅವನು "ದೊಡ್ಡದು ಮಾಡ್ಬೇಡ" ಎಂದದ್ದು ಕಟಪಾಡಿಯಲ್ಲಿ. ಆಗ ಅವಳು ಹೇಳಿದ್ದು ಒಂದೇ ವಾಕ್ಯ, ಮಾಮೂಲಿ ದನಿಯಲ್ಲಿ. ಅಳು ಬಂದದ್ದು ಆ ಮಾತಿನ ನಂತರ. ಆರೋಪ ಮೊದಲು ಬಂತು, ಸಾಕ್ಷಿ ಆಮೇಲೆ ತಯಾರಾಯಿತು.

ಇದು ಹೇಗೆ ಆಗುತ್ತದೆ ಎನ್ನುವುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹಾನ್ ವಿವರವಾಗಿ ಬರೆದಿದ್ದಾರೆ. ಮತ್ತೆ ಮತ್ತೆ ಆತ್ಮಹತ್ಯೆಗೆ ಪ್ರಯತ್ನಿಸುವವರಿಗಾಗಿ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಎನ್ನುವ ಚಿಕಿತ್ಸೆಯನ್ನು ರೂಪಿಸಿದವರು ಅವರು. 1993ರಲ್ಲಿ ಪ್ರಕಟವಾದ ತಮ್ಮ ಮುಖ್ಯ ಕೃತಿಯಲ್ಲಿ ಅವರು ಒಂದು ಬಗೆಯ ಮನೆಯನ್ನು ವರ್ಣಿಸುತ್ತಾರೆ. ಅಲ್ಲಿ ಮೆತ್ತಗೆ ಹೇಳಿದ ದುಃಖಕ್ಕೆ ಯಾರೂ ಕಿವಿಗೊಡುವುದಿಲ್ಲ, ಅಥವಾ ಅದನ್ನು ತಪ್ಪು ಅನ್ನುತ್ತಾರೆ. ಕೂಗಾಡಿದಾಗ, ಊಟ ಬಿಟ್ಟಾಗ, ಬಾಗಿಲು ಹಾಕಿಕೊಂಡಾಗ ಮಾತ್ರ ಎಲ್ಲರೂ ಓಡಿ ಬರುತ್ತಾರೆ. ಅಂಥ ಮನೆಯಲ್ಲಿ ಬೆಳೆದ ಮಗು ನಡುವಿನ ದನಿಯನ್ನೇ ಕಲಿಯುವುದಿಲ್ಲ. ಒಂದೋ ಸುಮ್ಮನಿರುತ್ತದೆ, ಇಲ್ಲವಾದರೆ ಸ್ಫೋಟಿಸುತ್ತದೆ. ಲಿನೆಹಾನ್ ಬರೆದದ್ದು ಬಾಲ್ಯದ ಬಗ್ಗೆ, ಅದೂ ಒಂದು ತೀವ್ರ ಮಾನಸಿಕ ತೊಂದರೆಯನ್ನು ವಿವರಿಸಲು. ಅದನ್ನು ಪೂರ್ತಿ ತಂದು ಗಂಡ ಹೆಂಡತಿಯ ಜಗಳಕ್ಕೆ ಅಂಟಿಸಬಾರದು. ಆದರೆ ಆ ಕಲಿಕೆಯ ಕ್ರಮ ದೊಡ್ಡವರಲ್ಲೂ ಕೆಲಸ ಮಾಡುತ್ತದೆ. ಒಂದು ವಾಕ್ಯಕ್ಕೆ "ದೊಡ್ಡದು ಮಾಡ್ಬೇಡ" ಎಂಬ ಉತ್ತರ ಬಂದು, ಅತ್ತ ಮೇಲೆ ಮಾತ್ರ ಕಾರು ಬದಿಗೆ ನಿಂತರೆ, ಮುಂದಿನ ಸಲ ಯಾವುದು ಕೆಲಸ ಮಾಡುತ್ತದೆ ಎನ್ನುವುದು ಅವಳ ಮೈಗೆ ಗೊತ್ತಾಗಿರುತ್ತದೆ. ಇದು ನಾಟಕ ಅಲ್ಲ. ಯೋಚಿಸಿ ಮಾಡುವುದೂ ಅಲ್ಲ.

ಲಿನೆಹಾನ್ ಅವರ ವಿಚಾರಗಳನ್ನು ದಂಪತಿಗಳಿಗೆ ಹೊಂದಿಸಿದವರು ಅಲನ್ ಫ್ರುಝೆಟ್ಟಿ. ಅವರು ಮತ್ತು ಚಾಡ್ ಶೆಂಕ್ ಸೇರಿ ಮಾಡಿದ ಒಂದು ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಜನರಿಗೆ ತಲೆಬಿಸಿಯಾಗುವಂಥ ಬಾಯಿಲೆಕ್ಕ ಮಾಡಲು ಕೊಟ್ಟರು. ನಡುನಡುವೆ ಹೇಗನಿಸುತ್ತದೆ ಅಂತ ಕೇಳಿದರು. ಕೆಲವರ ಉತ್ತರಕ್ಕೆ "ಹೌದು, ಹಾಗೆ ಅನಿಸುವುದು ಸಹಜ" ಎನ್ನುವ ಧಾಟಿಯ ಮಾತು ಸಿಕ್ಕಿತು. ಇನ್ನು ಕೆಲವರಿಗೆ "ಇದಕ್ಕೆ ಯಾಕೆ ಹಾಗೆ ಅನಿಸಬೇಕು?" ಎನ್ನುವ ಧಾಟಿಯದ್ದು. ಲೆಕ್ಕ ಎರಡೂ ಕಡೆ ಒಂದೇ. ಆದರೆ ಎರಡನೆಯ ಗುಂಪಿನವರ ಕಿರಿಕಿರಿ ಜಾಸ್ತಿಯಾಯಿತು, ಎದೆಬಡಿತವೂ ಚರ್ಮದ ಬೆವರಿನ ಅಳತೆಯೂ ಮೊದಲ ಗುಂಪಿಗಿಂತ ಮೇಲಿತ್ತು. ಇದು ಲ್ಯಾಬಿನಲ್ಲಿ, ಪರಿಚಯವಿಲ್ಲದವರ ನಡುವೆ ನಡೆದದ್ದು. ಹತ್ತು ವರ್ಷ ಒಟ್ಟಿಗೆ ಬಾಳಿದವರ ಬಗ್ಗೆ ನೇರವಾಗಿ ಏನೂ ಹೇಳುವುದಿಲ್ಲ. ಆದರೆ ಗುರುತೇ ಇಲ್ಲದವರ ಮಾತಿಗೆ ಮೈ ಹೀಗೆ ಸ್ಪಂದಿಸುತ್ತದೆ ಎಂದರೆ, "ಕೂಲ್ ಆಗು" ಎಂದು ಹೇಳಿ ಯಾರನ್ನೂ ಕೂಲ್ ಮಾಡಲು ಆಗುವುದಿಲ್ಲ ಯಾಕೆ ಅಂತ ಅಂದಾಜಾಗುತ್ತದೆ, ಅಲ್ವಾ?

ಪ್ರೀತಿಯಿಂದ ತಳ್ಳಿಹಾಕುವವರು

ಎಲ್ಲ ತಳ್ಳಿಹಾಕುವಿಕೆಯೂ ಒರಟಾಗಿರುವುದಿಲ್ಲ. "ಅಯ್ಯೋ ಬಿಡು, ಏನೂ ಆಗಿಲ್ಲ, ಐಸ್‌ಕ್ರೀಮ್ ತಿನ್ನುವ ಬಾ" ಎನ್ನುವುದೂ ಅದೇ ಕೆಲಸ ಮಾಡುತ್ತದೆ. ಹೇಳುವವರ ಮನಸ್ಸು ಒಳ್ಳೆಯದೇ. ಬೇಜಾರಾದವರಿಗೆ ಕೇಳಿಸುವುದು "ಏನೂ ಆಗಿಲ್ಲ" ಎನ್ನುವುದು ಮಾತ್ರ. ಐಸ್‌ಕ್ರೀಮ್ ಆಮೇಲೆ ತಿನ್ನಬಹುದು.

ಹೋಲಿಕೆ ಇನ್ನೊಂದು ಬಗೆ. ಇದು ನಮ್ಮ ಕಡೆ ತುಂಬ ಜಾಸ್ತಿ, ಗಲ್ಫಿನಲ್ಲಿ ಒಬ್ಬರು ಊರಲ್ಲಿ ಒಬ್ಬರು ಇರುವ ಮನೆಗಳಲ್ಲಂತೂ ಕೇಳುವುದೇ ಬೇಡ. ಗಂಡ ರಾತ್ರಿ ಫೋನಿನಲ್ಲಿ "ಚೌತಿಗೆ ರೂಮಲ್ಲಿ ಒಬ್ಬನೇ ಕೂತಿದ್ದೆ, ಯಾಕೋ ತುಂಬ ಕಷ್ಟ ಆಯ್ತು" ಎನ್ನುತ್ತಾನೆ. ಊರಲ್ಲಿ ಅತ್ತೆಯ ಔಷಧಿ, ಮಕ್ಕಳ ಪರೀಕ್ಷೆ, ಸೋರುವ ಮಾಡು ಎಲ್ಲ ನೋಡಿಕೊಳ್ಳುತ್ತಿರುವ ಹೆಂಡತಿ, "ನಿಮಗೆಂತ ಕಷ್ಟ? ಇಲ್ಲಿ ಎಲ್ಲ ನನ್ನ ತಲೆ ಮೇಲೆ" ಎನ್ನುತ್ತಾಳೆ. ಅವಳು ಹೇಳಿದ ಕಷ್ಟ ಸುಳ್ಳಲ್ಲ. ಆದರೆ ಅವನ ಒಂಟಿತನ ಅವಳ ಕಷ್ಟಕ್ಕಿಂತ ಚಿಕ್ಕದು ಎನ್ನುವ ಕಾರಣಕ್ಕೆ ಲೆಕ್ಕಕ್ಕೇ ಇಲ್ಲದಂತಾಯಿತು. ಗಂಡಸರು ಇಂಥದ್ದನ್ನು ಬಾಯಿಬಿಟ್ಟು ಹೇಳುವುದೇ ಅಪರೂಪ. ಒಂದೆರಡು ಸಲ ಹೀಗಾದರೆ ಮತ್ತೆ ಹೇಳುವುದಿಲ್ಲ, "ಊಟ ಆಯ್ತಾ, ಮಕ್ಕಳು ಮಲಗಿದ್ರಾ" ಎನ್ನುವಲ್ಲಿಗೆ ಫೋನು ಮುಗಿಯುತ್ತದೆ. ಅವಳ ಕಷ್ಟವೂ ಹೇಳಬೇಕಾದದ್ದೇ. ಅವನ ಮಾತು ಮುಗಿದ ಮೇಲೆ ಹೇಳಿದರೆ ಅದು ಇನ್ನೊಂದು ಕಷ್ಟವಾಗುತ್ತದೆ, ಅವನದನ್ನು ಅಳಿಸುವ ಉತ್ತರ ಆಗುವುದಿಲ್ಲ.

ಮೂರನೆಯ ಬಗೆ ಎಲ್ಲಕ್ಕಿಂತ ನಾಜೂಕು. ಇದನ್ನು ಓದಿಕೊಂಡವರು ಜಾಸ್ತಿ ಮಾಡುತ್ತಾರೆ. "ನಿನ್ನ ಅಪ್ಪ ನಿನ್ನನ್ನು ಯಾವಾಗಲೂ ಕಡೆಗಣಿಸುತ್ತಿದ್ದರಲ್ಲ, ಅದಕ್ಕೇ ನಿನಗೆ ಈ ತಮಾಷೆ ಇಷ್ಟು ತಾಗಿತು." ಕೇಳಲು ತಿಳಿವಳಿಕೆಯ ಮಾತಿನಂತೆ ಇದೆ. ಇದೇ ಜಾತಿಯ, ಇದಕ್ಕಿಂತ ಒರಟಾದ ಮಾತು "ಪಿರಿಯಡ್ಸಾ?" ಎನ್ನುವುದು. ಲಿನೆಹಾನ್ ಒಬ್ಬರ ಭಾವನೆಯನ್ನು ಮಾನ್ಯ ಮಾಡುವುದರಲ್ಲಿ ಆರು ಮೆಟ್ಟಿಲುಗಳನ್ನು ಹೇಳುತ್ತಾರೆ. ಹಳೆಯ ಅನುಭವದ ಅಥವಾ ಮೈಯ ಸ್ಥಿತಿಯ ಬೆಳಕಿನಲ್ಲಿ ಭಾವನೆಯನ್ನು ಅರ್ಥಮಾಡಿಕೊಳ್ಳುವುದು ನಾಲ್ಕನೆಯದು. ಈಗ ನಡೆದ ಸಂಗತಿಯ ಬೆಳಕಿನಲ್ಲಿ, ಯಾರಿಗಾದರೂ ಹೀಗೆ ಅನಿಸುತ್ತಿತ್ತು ಎಂದು ಒಪ್ಪುವುದು ಐದನೆಯದು. ಐದನೆಯದು ಇರುವಾಗ ನಾಲ್ಕನೆಯದಕ್ಕೆ ಹೋಗಬಾರದು. ನೆಂಟರ ಎದುರು ತನ್ನ ಕೆಲಸವನ್ನು ಟೈಂಪಾಸ್ ಎಂದರೆ, ಅಪ್ಪ ಎಷ್ಟೇ ಮುದ್ದು ಮಾಡಿ ಬೆಳೆಸಿದ್ದರೂ ಬೇಜಾರಾಗುತ್ತದೆ. ಕಾರಣ ಎದುರಿಗೇ ಇರುವಾಗ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿ ಹುಡುಕಿದರೆ, ಎದುರಿಗಿದ್ದ ಕಾರಣವನ್ನು ಮುಚ್ಚಿಟ್ಟಂತೆ.

ನಿಜವಾಗಿಯೂ ಜಾಸ್ತಿಯಾಗಿದ್ದರೆ?

ಹಾಗಾದರೆ ಓವರ್ ರಿಯಾಕ್ಷನ್ ಅನ್ನುವುದೇ ಇಲ್ವಾ? ಇದೆ. ಗಂಡ ಸಂಜೆ ಆರಕ್ಕೆ ಬರಬೇಕಿತ್ತು. ಸುರತ್ಕಲ್‌ನಲ್ಲಿ ಟ್ರಾಫಿಕ್ ಜಾಮ್, ಫೋನಿನ ಚಾರ್ಜ್ ಮುಗಿದಿದೆ. ಏಳೂವರೆಗೆ ಮನೆಗೆ ಬಂದರೆ ಹೆಂಡತಿ ನಡುಗುತ್ತಿದ್ದಾಳೆ, ಅವನ ಆಫೀಸಿನವರಿಗೆಲ್ಲ ಫೋನ್ ಹೋಗಿದೆ, ಬಂದವನಿಗೆ ಬೈಗುಳ. ಅವಳ ಅಣ್ಣ ಹಿಂದೆ ಹೈವೇಯಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡಿದ್ದ. ಒಂದೂವರೆ ಗಂಟೆಯ ತಡಕ್ಕೆ ಇದು ಜಾಸ್ತಿಯೇ. ಶಾಂತವಾದ ಮೇಲೆ ಅವಳೇ ಹೌದು ಎನ್ನಬಹುದು. ಇಲ್ಲಿ ನಾಲ್ಕನೆಯ ಮೆಟ್ಟಿಲು ಬೇಕು. "ನಿನ್ನ ಅಣ್ಣನದ್ದು ಆದ ಮೇಲೆ ಫೋನ್ ತಾಗದಿದ್ದರೆ ನಿನಗೆ ಹೀಗಾಗ್ತದೆ ಅಂತ ಗೊತ್ತುಂಟು. ನಾನು ಬೇರೆಯವರ ಫೋನಿಂದಾದರೂ ಮಾಡಬಹುದಿತ್ತು. ಆದರೆ ಆಫೀಸಿನವರಿಗೆಲ್ಲ ಫೋನ್ ಮಾಡಿದ್ದು ನನಗೆ ಸರಿ ಆಗಲಿಲ್ಲ." ಇದರಲ್ಲಿ ಹೆದರಿಕೆಯನ್ನು ಒಪ್ಪಿದ್ದಾನೆ, ಮಾಡಿದ ಕೆಲಸವನ್ನು ಒಪ್ಪಿಲ್ಲ. ಭಾವನೆ ಬೇರೆ, ಅದರಿಂದ ಹುಟ್ಟಿದ ನಡತೆ ಬೇರೆ. ನಡತೆಯ ಬಗ್ಗೆ ಗಟ್ಟಿಯಾಗಿಯೇ ತಕರಾರು ಮಾಡಬಹುದು. ಪಾತ್ರೆ ಎಸೆಯುವುದನ್ನು, ಮಕ್ಕಳೆದುರು ಬೈಯುವುದನ್ನು ಯಾವ ಭಾವನೆಯ ಹೆಸರಿನಲ್ಲೂ ಸಹಿಸಬೇಕಾಗಿಲ್ಲ.

ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ಈ ಲೇಖನ ಜಗಳದಲ್ಲಿ ತೋರಿಸುವ ಸರ್ಟಿಫಿಕೇಟ್ ಆಗಿಬಿಡುತ್ತದೆ. ಬೇಜಾರಾದವರು ತಮ್ಮ ತೀರ್ಮಾನವನ್ನು ಭಾವನೆಯ ಹೆಸರಿನಲ್ಲಿ ಹೇಳುವುದುಂಟು. "ನೀವು ಬೇಕಂತಲೇ ನನ್ನ ಮರ್ಯಾದೆ ತೆಗೆದ್ರಿ ಅಂತ ನನಗೆ ಅನಿಸ್ತದೆ." ಕೊನೆಯಲ್ಲಿ ಅನಿಸ್ತದೆ ಅಂತ ಸೇರಿಸಿದ ಮಾತ್ರಕ್ಕೆ ಇದು ಭಾವನೆ ಆಗುವುದಿಲ್ಲ. ಇದು ಅವನ ಉದ್ದೇಶದ ಬಗ್ಗೆ ಒಂದು ಆರೋಪ. ಅವನು "ಇಲ್ಲ, ಬೇಕಂತ ಅಲ್ಲ" ಎಂದರೆ ಅವಳ ಭಾವನೆಯನ್ನು ತಳ್ಳಿಹಾಕಿದಂತೆ ಅಲ್ಲ, ಆರೋಪವನ್ನು ಅಲ್ಲಗಳೆದಂತೆ. ಹಾಗೆಯೇ "ನನಗೆ ನೋವಾಯ್ತು, ಆದ್ದರಿಂದ ನಿಮ್ಮದೇ ತಪ್ಪು" ಎನ್ನುವ ಲೆಕ್ಕವೂ ಸರಿ ಹೋಗುವುದಿಲ್ಲ. ಒಪ್ಪದೆ ಇದ್ದಾಗಲೆಲ್ಲ "ನೀವು ನನ್ನ ಭಾವನೆಗೆ ಬೆಲೆ ಕೊಡುವುದಿಲ್ಲ" ಎಂದು ಹೇಳಿ ಬಾಯಿ ಮುಚ್ಚಿಸಿದರೆ, ಈ ಸಲ ಅವನ ಮಾತನ್ನು ಅವಳು ತಳ್ಳಿಹಾಕಿದಂತಾಯಿತು.

ಆ ಕಾರಿನ ಮಾತು ಬೇರೆ ಹೇಗೆ ಸಾಗಬಹುದಿತ್ತು? ತುಂಬ ಚಂದವಾಗಿ ಏನಲ್ಲ.

"ಎಲ್ಲರೆದುರು ಟೈಂಪಾಸ್ ಅಂತ ಹೇಳಿದ್ರಲ್ಲ, ನನಗೆ ತುಂಬ ಬೇಜಾರಾಯ್ತು."

"ಟೈಂಪಾಸ್ ಅಂದದ್ದಾ, ಸೀರೆಯದ್ದಾ?"

"ಟೈಂಪಾಸ್. ಮಗಳ ಫೀಸು ಯಾರು ಕಟ್ಟುವುದು ಅಂತ ಅವರಿಗೆ ಗೊತ್ತುಂಟಾ?"

"ಇಲ್ಲ. ಅದು ನಾನು ಹೇಳಲಿಲ್ಲ. ಸರಿ, ಹಾಗೆ ಕೇಳಿದಾಗ ಬೇಜಾರಾಗ್ತದೆ. ಆದರೆ ನಿನ್ನನ್ನು ಕೆಳಗೆ ಹಾಕ್ಬೇಕು ಅಂತ ಅಲ್ಲ ಮಾರಾಯ್ತಿ. ನೀನು ಬರುವ ಮೊದಲು ನನ್ನ ಕೆಲಸವನ್ನೇ ನಾನು ತಮಾಷೆ ಮಾಡ್ತಿದ್ದೆ."

"ನಿಮ್ಮನ್ನು ನೀವು ಹೇಳಿಕೊಳ್ಳುವುದು ಬೇರೆ. ನನ್ನನ್ನು ಹೇಳುವುದು ಬೇರೆ."

"ಅದು ನನಗೆ ಅಷ್ಟು ಬೇರೆ ಅಂತ ಕಾಣುವುದಿಲ್ಲ. ತಮಾಷೆ ಅಂದ್ರೆ ತಮಾಷೆಯೇ."

"ನನಗೆ ಕಾಣ್ತದೆ."

ಇಲ್ಲಿಗೆ ಅವರು ಒಪ್ಪಿಲ್ಲ. ಅವನಿಗೆ ಇನ್ನೂ ಅದು ತಮಾಷೆಯೇ, ಅವಳಿಗೆ ಅಲ್ಲ. ಆದರೆ ಯಾವುದರ ಬಗ್ಗೆ ಒಪ್ಪುತ್ತಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿದೆ. ಅವನ ಮೊದಲ ಉತ್ತರ ಒಂದು ಪ್ರಶ್ನೆಯಾಗಿತ್ತು ಎನ್ನುವುದನ್ನು ಗಮನಿಸಿ. ಅತ್ತೆಯ ಹಳೆಯ ಮಾತು ಇದರಲ್ಲಿ ಬರಲೇ ಇಲ್ಲ, ಯಾಕೆಂದರೆ ಅದನ್ನು ಸಾಕ್ಷಿಗೆ ಕರೆಯುವ ಅಗತ್ಯ ಬೀಳಲಿಲ್ಲ. ಒಂದು ವೇಳೆ ಅವನಿಗೆ ತಲೆಬಿಸಿಯಾಗಿ ಉತ್ತರವೇ ಹೊಳೆಯದಿದ್ದರೆ, "ಈಗ ಬೇಡ, ಮನೆಗೆ ಹೋಗಿ ಮಾತಾಡುವ" ಎನ್ನಬಹುದು. ದಂಪತಿಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಜಾನ್ ಗಾಟ್‌ಮನ್, ಎದೆಬಡಿತ ಏರಿದ ಮೇಲೆ ಕನಿಷ್ಠ 20 ನಿಮಿಷ ಬಿಡುವು ಬೇಕು ಎನ್ನುತ್ತಾರೆ. ಒಂದೇ ಷರತ್ತು, ಬಿಡುವು ಕೇಳಿದವರೇ ಆ ಮಾತನ್ನು ಮತ್ತೆ ಎತ್ತಬೇಕು. ಮನೆಗೆ ಬಂದು ಟಿವಿ ಹಾಕಿ ಕೂತರೆ ಅದೂ ತಳ್ಳಿಹಾಕಿದಂತೆಯೇ.

ಒಂದು ದಿನ ಸುಸ್ತಿನಲ್ಲಿ "ಓವರ್ ಮಾಡ್ಬೇಡ" ಎಂದವರೆಲ್ಲ ಕೆಟ್ಟ ಸಂಗಾತಿಗಳಲ್ಲ. ನೋಡಬೇಕಾದದ್ದು ಮರುದಿನ ಏನಾಗುತ್ತದೆ ಎನ್ನುವುದು. "ನಿನ್ನೆ ನೀನು ಹೇಳಿದ್ದು ನನಗೆ ಈಗ ಅರ್ಥವಾಯ್ತು" ಎಂದು ಬರುವವರಿದ್ದಾರೆ. ಇನ್ನೊಂದು ಪ್ರಶ್ನೆಯನ್ನೂ ತನಗೆ ತಾನೇ ಕೇಳಿಕೊಳ್ಳಬಹುದು. ಇಷ್ಟು ವರ್ಷಗಳಲ್ಲಿ ನನ್ನ ಯಾವುದಾದರೂ ಒಂದು ದೂರು ಈ ಮನೆಯಲ್ಲಿ ಸರಿಯಾದ ಗಾತ್ರದ್ದು ಎನಿಸಿಕೊಂಡಿದೆಯಾ? ಚಿಕ್ಕದಾದರೆ "ಇದೂ ಒಂದು ವಿಷಯವಾ", ದೊಡ್ಡದಾದರೆ "ಓವರ್". ಪ್ರತಿ ಸಲವೂ ಹೀಗೇ ಆದರೆ, ನಾಲ್ಕು ಸಂಗತಿ ಬಿಡಿಸಿ ಚಂದ ಮಾಡಿ ಹೇಳುವುದನ್ನು ಕಲಿತರೂ ಜಾಸ್ತಿ ಪ್ರಯೋಜನ ಆಗಲಿಕ್ಕಿಲ್ಲ. ಹೇಳುವ ರೀತಿಯಲ್ಲಿ ಅಲ್ಲ ಅಲ್ಲಿನ ತೊಂದರೆ.

ಇನ್ನೂ ಮುಂದೆ ಹೋದರೆ ವಿಷಯವೇ ಬೇರೆಯಾಗುತ್ತದೆ. ನಡೆದದ್ದನ್ನೇ "ನಾನು ಹಾಗೆ ಹೇಳಲೇ ಇಲ್ಲ, ನಿನ್ನ ತಲೆ ಸರಿ ಇಲ್ಲ" ಎಂದು ಮತ್ತೆ ಮತ್ತೆ ಅಲ್ಲಗಳೆಯುವುದು, ಅಳುವುದನ್ನು ಮಕ್ಕಳೆದುರು ಅಣಕಿಸುವುದು, ತವರಿನವರ ಹತ್ತಿರ ಮಾತಾಡದಂತೆ ಮಾಡುವುದು, ಬಾಯಿ ತೆರೆಯುವ ಮೊದಲು ಹೆದರಿಕೆ ಹುಟ್ಟುವುದು. ಇದು ಸಂವಹನದ ಸಮಸ್ಯೆ ಅಲ್ಲ, ಹಿಂಸೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಅವಮಾನ, ಅಪಹಾಸ್ಯ, ಹೀಯಾಳಿಕೆ ಇವೆಲ್ಲ ಮಾತಿನ ಮತ್ತು ಭಾವನಾತ್ಮಕ ಹಿಂಸೆಯಲ್ಲಿ ಸೇರುತ್ತವೆ. ರಿಸೆಪ್ಶನ್‌ನ ಒಂದು ತಮಾಷೆ ಇದರೊಳಗೆ ಬರುವುದಿಲ್ಲ. ಹೆದರಿಕೆಯಲ್ಲಿ ಬದುಕುವುದು ಬರುತ್ತದೆ. ಮಹಿಳೆಯರಿಗೆ 181 ಸಹಾಯವಾಣಿ ಇದೆ. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಗಂಡಸರು, ಹೆಂಗಸರು ಯಾರೂ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.

ಹೆದರಿಕೆ ಇರುವ ಮನೆಯವರು ಮೊದಲಿಗೇ ಇಬ್ಬರೂ ಒಟ್ಟಿಗೆ ಹೋಗಿ ಕೌನ್ಸೆಲಿಂಗ್‌ಗೆ ಕೂರಬಾರದು. ಕೋಣೆಯೊಳಗೆ ಧೈರ್ಯ ಮಾಡಿ ಹೇಳಿದ ಮಾತಿಗೆ ಮನೆಯಲ್ಲಿ ಲೆಕ್ಕ ಕೇಳುವ ಅಪಾಯ ಇರುತ್ತದೆ. ಅನುಭವ ಇರುವ ಕೌನ್ಸೆಲರ್ ಶುರುವಿನಲ್ಲಿ ಇಬ್ಬರನ್ನೂ ಬೇರೆ ಬೇರೆಯಾಗಿ ಮಾತಾಡಿಸುವುದು ಇದೇ ಕಾರಣಕ್ಕೆ. ಹಾಗೆ ಮಾಡದೆ ಸೀದಾ ಒಟ್ಟಿಗೆ ಕೂರಿಸಿದರೆ, ಬೇರೆಯಾಗಿ ಮಾತಾಡಬೇಕು ಎಂದು ನೀವೇ ಕೇಳಬಹುದು. ಫೋನ್ ಮಾಡಿ ಸಮಯ ತೆಗೆದುಕೊಳ್ಳುವಾಗಲೇ ಕೇಳಿದರೆ ಇನ್ನೂ ಒಳ್ಳೆಯದು.